ಹಳೆಯ ಸ್ಲೈಡು, ಹೊಸ ಉಂಗುರ

ಹಿಂದೆ ಬಣ್ಣದ ಚಿತ್ರಗಳನ್ನು ಪಾರದರ್ಶಕ ಫಿಲ್ಮಿನ ಮೇಲೆ ತೆಗೆದು, ಒಂದೊಂದನ್ನೂ 5 ಸೆಂಟಿಮೀಟರ್ ಚದರದ ಚೌಕಟ್ಟಿನಲ್ಲಿ ಕೂರಿಸಿ, ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಟ್ಟು ನೋಡುತ್ತಿದ್ದರು. ಇವೇ ಸ್ಲೈಡುಗಳು. ಇಂಥ ಸ್ಲೈಡಿಗೆ ನೆಗೆಟಿವ್ ಎಂಬುದಿಲ್ಲ. ಕ್ಯಾಮೆರಾದೊಳಗಿದ್ದ ಫಿಲ್ಮೇ ಚಿತ್ರ. ಅದು ಹಾಳಾದರೆ ಇನ್ನೊಂದು ಪ್ರತಿ ತೆಗೆಯಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಅದನ್ನು ಸ್ಕ್ಯಾನರಿನ ಮೂಲಕ ಕಂಪ್ಯೂಟರಿಗೆ ಸೇರಿಸುವಾಗ ಏನನ್ನು ಅಳಿಸಬೇಕು, ಏನನ್ನು ಉಳಿಸಬೇಕು ಎಂಬುದು ಮೊದಲೇ ತಿಳಿದಿರಬೇಕು. ಒಂದು ಸ್ಲೈಡನ್ನೇ ಮುಂದಿಟ್ಟುಕೊಂಡು ಇದನ್ನು ನೋಡೋಣ.

ತಾಳಗುಪ್ಪ ನಿಮಗೆ ಗೊತ್ತಿರಬಹುದು. ಶಿವಮೊಗ್ಗದಿಂದ ಬರುವ ರೈಲು ಹಾದಿ ಅಲ್ಲಿಗೆ ಮುಗಿಯುತ್ತದೆ. ಜೋಗಕ್ಕೆ ಹೋಗುವವರು ಅಲ್ಲಿ ಇಳಿಯುತ್ತಾರೆ. ಅಲ್ಲಿನ ಒಂದು ಮನೆಯ ಪೆಟ್ಟಿಗೆಯಿಂದ ಜೋಗದ ಒಂದು ಸ್ಲೈಡು ಕಾರ್ಯಕ್ರಮವೊಂದಕ್ಕಾಗಿ ನಮ್ಮ ಕೈಗೆ ಬಂತು. ಫಿಲ್ಮಿನ ಎರಡೂ ಬದಿಗೆ ತೆಳು ಗಾಜು ಹಾಕಿ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಮುಚ್ಚಿದ್ದ ಸ್ಲೈಡು ಅದು. ಸ್ಕ್ಯಾನ್ ಮಾಡಿ ನೋಡಿದಾಗ ಮೇಲಿನ ಬೂದು ಮೋಡದಲ್ಲಿ ಕೆಂಪು ಹಸಿರಿನ ಸುತ್ತುಗಳು ಕಂಡವು. ಕೆಳಗೆ ತುಂತುರಿನಲ್ಲೂ ಬಣ್ಣದ ಒಂದು ಬಾಗು ಇತ್ತು. ಚಿತ್ರದ ತುಂಬ ಚುಕ್ಕೆ, ನೂಲೆಳೆ. ಇವುಗಳಲ್ಲಿ ಯಾವುದು ಜೋಗದ್ದು, ಯಾವುದು ಗಾಜಿನದು, ಯಾವುದು ಧೂಳಿನದು?

ಮೊದಲು ಸುತ್ತುಗಳ ವಿಷಯ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸೋಡಿಯಂ ದೀಪದ ಕೆಳಗೆ, ಗಾಜಿನ ಫಲಕದ ಮೇಲೆ ಮಸೂರವನ್ನಿಟ್ಟು ನ್ಯೂಟನ್ನನ ಉಂಗುರಗಳನ್ನು ಅಳೆಯುವುದುಂಟು. ಇಲ್ಲಿ ನಡೆಯುವುದೂ ಅದೇ. ನಯವಾದ ಎರಡು ಮೈಗಳು ಇನ್ನೇನು ತಾಗುವಂತಿದ್ದಾಗ ನಡುವೆ ಗಾಳಿಯ ಒಂದು ತೆಳು ಪದರ ಉಳಿಯುತ್ತದೆ. ಬೆಳಕಿನ ಸ್ವಲ್ಪ ಭಾಗ ಆ ಪದರದೊಳಗೆ ಎರಡು ಬಾರಿ ಪ್ರತಿಫಲಿಸಿ, ನೇರವಾಗಿ ದಾಟಿಬಂದ ಬೆಳಕನ್ನು ಕೂಡಿಕೊಳ್ಳುತ್ತದೆ. ಎರಡೂ ಹೊಂದಿದ ಕಡೆ ಹೊಳಪು, ಹೊಂದದ ಕಡೆ ಮಬ್ಬು. ಇದೇ ವ್ಯತಿಕರಣ. ಫಿಲ್ಮು ಮಸೂರದ ಹಾಗೆ ಸಮವಾಗಿ ಉಬ್ಬಿರುವುದಿಲ್ಲ. ಆದ್ದರಿಂದ ಸುತ್ತುಗಳು ಅಂಕುಡೊಂಕಾಗಿ, ಭೂಪಟದಲ್ಲಿ ಗುಡ್ಡದ ಎತ್ತರ ತೋರಿಸುವ ಗೆರೆಗಳಂತೆ ಕಾಣುತ್ತವೆ. ಹೋಲಿಕೆ ಬರಿಯ ನೋಟದ್ದಲ್ಲ. ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಹೋದರೆ ಗಾಳಿ ಪದರದ ದಪ್ಪ ಬೆಳಕಿನ ಅರ್ಧ ತರಂಗಾಂತರದಷ್ಟು ಬದಲಾಗಿರುತ್ತದೆ. ಹಸಿರು ಬೆಳಕಿನ ತರಂಗಾಂತರ ಸುಮಾರು 0.55 ಮೈಕ್ರಾನ್, ಎಂದರೆ ಒಂದು ಸುತ್ತಿಗೆ ಸುಮಾರು 0.275 ಮೈಕ್ರಾನ್. ಹತ್ತು ಸುತ್ತು ಎಣಿಸಿದರೂ ಪದರದ ದಪ್ಪ ಬದಲಾದದ್ದು ಮೂರು ಮೈಕ್ರಾನಿಗಿಂತ ಕಡಿಮೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಇದೆಷ್ಟು ಸಣ್ಣ ಅಂತರವೆಂದು ತಿಳಿಯುತ್ತದೆ.

ಪರಿಹಾರವೂ ಈ ಲೆಕ್ಕದಲ್ಲೇ ಇದೆ. ಸ್ಕ್ಯಾನರಿನ ದೀಪ ಸೋಡಿಯಂ ದೀಪದಂತೆ ಒಂದೇ ಬಣ್ಣದ್ದಲ್ಲ. ಅಂತರ ಹೆಚ್ಚಿದಂತೆ ಬೇರೆ ಬೇರೆ ತರಂಗಾಂತರಗಳ ಉಂಗುರಗಳು ಒಂದರ ಮೇಲೊಂದು ಬಿದ್ದು, ಕೆಲವೇ ಮೈಕ್ರಾನ್ ದಾಟುವಷ್ಟರಲ್ಲಿ ಕಣ್ಣಿಗೆ ಕಾಣದಂತಾಗುತ್ತವೆ. ಒಂದು ಕಾಗದದ ದಪ್ಪ, ಎಂದರೆ 0.1 ಮಿಲಿಮೀಟರ್, ಇದಕ್ಕೆ ಧಾರಾಳ. ಸಾಮಾನ್ಯ ಸ್ಲೈಡಿನ ಚೌಕಟ್ಟೇ ಫಿಲ್ಮನ್ನು ಸ್ಕ್ಯಾನರಿನ ಗಾಜಿನಿಂದ ಅದಕ್ಕಿಂತ ಹೆಚ್ಚು ಎತ್ತರದಲ್ಲಿ ಹಿಡಿದಿರುತ್ತದೆ. ಹೀಗಾಗಿ ಗಾಜಿಲ್ಲದ ಚೌಕಟ್ಟಿನ ಸ್ಲೈಡನ್ನು ಮೇಜಿನ ಚಪ್ಪಟೆ ಸ್ಕ್ಯಾನರಿನ ಮೇಲಿಟ್ಟರೆ ಉಂಗುರ ಬೀಳುವುದು ಅಪರೂಪ. ಫಿಲ್ಮ್ ಸ್ಕ್ಯಾನರಿನಲ್ಲಂತೂ ಸ್ಲೈಡು ಗಾಳಿಯಲ್ಲೇ ನಿಲ್ಲುತ್ತದೆ. ಉಂಗುರ ಬಿದ್ದಿದೆಯೆಂದರೆ ಕಾರಣ ಹೆಚ್ಚಾಗಿ ಎರಡರಲ್ಲಿ ಒಂದು: ಚೌಕಟ್ಟಿನೊಳಗೇ ಗಾಜಿದೆ, ಇಲ್ಲವೇ ಯಾರೋ ಫಿಲ್ಮನ್ನು ಚೌಕಟ್ಟಿನಿಂದ ಬಿಡಿಸಿ ನೇರವಾಗಿ ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿದ್ದಾರೆ. ಗಾಜನ್ನು ಎಷ್ಟು ಒರೆಸಿದರೂ ಉಂಗುರ ಹೋಗುವುದಿಲ್ಲ. ಮೈ ನಯವಾದಷ್ಟೂ ಉಂಗುರ ಸ್ಪಷ್ಟ.

ಫಿಲ್ಮಿನ ಎರಡು ಬದಿಯೂ ಒಂದೇ ಅಲ್ಲ ಎಂಬುದನ್ನೂ ಗಮನಿಸಿ. ದೀಪಕ್ಕೆ ಓರೆಯಾಗಿ ಹಿಡಿದರೆ ಒಂದು ಬದಿ ಕನ್ನಡಿಯಂತೆ ಹೊಳೆಯುತ್ತದೆ. ಇನ್ನೊಂದು ಮಂಕಾಗಿದ್ದು, ಚಿತ್ರದ ಗೆರೆಗಳು ಅಲ್ಲಿ ನವಿರಾಗಿ ಉಬ್ಬಿದಂತೆ ತೋರುತ್ತವೆ. ಮಂಕಾದದ್ದು ಎಮಲ್ಷನ್ ಬದಿ. ಉಂಗುರ ಹೆಚ್ಚಾಗಿ ಹುಟ್ಟುವುದು ಹೊಳೆಯುವ ಬದಿಯಲ್ಲಿ. ಬೇರೆ ದಾರಿಯಿಲ್ಲದೆ ಬಿಡಿ ಫಿಲ್ಮನ್ನು ಗಾಜಿನ ಮೇಲಿಡಲೇಬೇಕಾದರೆ ಮಂಕು ಬದಿ ಕೆಳಗಿರಲಿ. ಆಗ ಚಿತ್ರ ಎಡಬಲ ತಿರುವಾಗಿ ಬರಬಹುದು. ಕಂಪ್ಯೂಟರಿನಲ್ಲಿ ಅದನ್ನು ಸರಿಪಡಿಸಬಹುದು. ಜೋಗದ ಚಿತ್ರದಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಪ್ರವಾಸಿಗರು ಸಾಮಾನ್ಯವಾಗಿ ನಿಂತು ನೋಡುವ ಕಡೆಯಿಂದ ರಾಜ ಎಡಕ್ಕೆ, ರಾಣಿ ಬಲಕ್ಕೆ ಇರಬೇಕು.

ಈಗ ನಮ್ಮ ಸ್ಲೈಡಿಗೆ ಬರೋಣ. ಅದನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿಯಿಂದ ನೋಡಿದೆವು. ಚೌಕಟ್ಟಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಮೋಡದಲ್ಲಿದ್ದ ಸುತ್ತುಗಳು ಸರಿದಾಡಿದವು. ತುಂತುರಿನಲ್ಲಿದ್ದ ಬಾಗು ಕದಲಲಿಲ್ಲ. ಮೋಡದ ಸುತ್ತುಗಳಲ್ಲಿ ಕೆಂಪು, ಹಸಿರು, ಮತ್ತೆ ಕೆಂಪು, ಮತ್ತೆ ಹಸಿರು ಎಂದು ಬಣ್ಣಗಳು ಮರುಕಳಿಸುತ್ತಿದ್ದವು. ಬಾಗಿನಲ್ಲಿ ಹೊರಗೆ ಕೆಂಪು, ಒಳಗೆ ನೇರಳೆ, ಒಂದೇ ಸಲ. ಮೊದಲನೆಯದು ಗಾಜಿನ ಕೆಲಸ. ಎರಡನೆಯದು ಜೋಗದ ತುಂತುರಿನಲ್ಲಿ ಆ ದಿನ ನಿಜವಾಗಿ ಮೂಡಿದ್ದ ಕಾಮನಬಿಲ್ಲು. ಈ ಪರೀಕ್ಷೆ ಮಾಡದೆ ಬಣ್ಣದ ಬಾಗುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸಲು ಹೊರಟಿದ್ದರೆ ಕಾಮನಬಿಲ್ಲೂ ಹೋಗುತ್ತಿತ್ತು.

ಮುಂದಿನ ಕೆಲಸ ಗಾಜಿನಿಂದ ಫಿಲ್ಮನ್ನು ಬಿಡಿಸುವುದು. ಮಲೆನಾಡಿನ ಸ್ಲೈಡಾದರೆ ಇಲ್ಲಿ ಎಚ್ಚರ ಬೇಕು. ಎಮಲ್ಷನ್ನಿನಲ್ಲಿ ಜೆಲಾಟಿನ್ ಇರುತ್ತದೆ. ಮಳೆಗಾಲದ ತೇವ ಗಾಜಿನ ನಡುವೆ ಸೇರಿದರೆ ಸುಲಭವಾಗಿ ಹೊರಗೆ ಹೋಗದು. ಜೆಲಾಟಿನ್ ಮೆದುವಾಗಿ ಗಾಜಿಗೆ ಅಂಟಬಹುದು, ಬೂಷ್ಟೂ ಬೆಳೆಯಬಹುದು. ಆದ್ದರಿಂದ ಒಣ ದಿನದಲ್ಲಿ, ಫ್ಯಾನು ನಿಲ್ಲಿಸಿ, ಒರೆಸಿದ ಮೇಜಿನ ಮೇಲೆ ಚೌಕಟ್ಟಿನ ಎರಡು ಭಾಗಗಳನ್ನು ಬಿಡಿಸಿ. ಫಿಲ್ಮು ತಾನಾಗಿ ಬಿಟ್ಟುಕೊಂಡರೆ ಸರಿ. ಎಲ್ಲಾದರೂ ಹಿಡಿದುಕೊಂಡಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಉಂಗುರವಿರುವ ಚಿತ್ರ ಉಳಿದೀತು, ಕಿತ್ತುಹೋದ ಜೆಲಾಟಿನ್ ಮತ್ತೆ ಬಾರದು. ಬೂಷ್ಟು ಕಂಡರೆ ನೀರು ತಾಗಿಸಬೇಡಿ. ಬೂಷ್ಟು ತಿಂದ ಜಾಗದ ಜೆಲಾಟಿನ್ ನೀರಿನಲ್ಲಿ ಕರಗಿ, ಚಿತ್ರವೂ ಅದರೊಂದಿಗೆ ಹೋಗುತ್ತದೆ.

ನಮ್ಮ ಫಿಲ್ಮು ಸಲೀಸಾಗಿ ಬಿಟ್ಟುಕೊಂಡಿತು. ಅಂಚನ್ನಷ್ಟೇ ಹಿಡಿದು ಗಾಜಿಲ್ಲದ ಪ್ಲಾಸ್ಟಿಕ್ ಚೌಕಟ್ಟಿಗೆ ಸೇರಿಸಿದೆವು. ಹಳೆಯ ಚೌಕಟ್ಟಿನ ಮೇಲಿದ್ದ ಬರಹವನ್ನು ಹೊಸದರ ಮೇಲೆ ಇದ್ದಂತೆಯೇ ನಕಲು ಮಾಡಿದೆವು. ಗಾಜು ತೆಗೆದದ್ದರಿಂದ ಇನ್ನೊಂದು ಲಾಭವೂ ಆಯಿತು. ಎರಡು ಗಾಜಿಗೆ ನಾಲ್ಕು ಮೈ, ಫಿಲ್ಮಿಗೆ ಎರಡು. ಧೂಳು ಕೂರಲು ಇದ್ದ ಆರು ಮೈಗಳಲ್ಲಿ ನಾಲ್ಕು ಕಡಿಮೆಯಾದವು. ನಷ್ಟವೂ ಒಂದಿದೆ. ಗಾಜಿನ ಹಿಡಿತ ತಪ್ಪಿದ ಫಿಲ್ಮು ನಡುವೆ ತುಸು ಉಬ್ಬುತ್ತದೆ. ಫಿಲ್ಮ್ ಸ್ಕ್ಯಾನರಿನ ಮಸೂರಕ್ಕೆ ಇಷ್ಟು ಉಬ್ಬೂ ತೊಡಕು. ನಡುಭಾಗ ಸ್ಪಷ್ಟವಾದರೆ ಮೂಲೆಗಳು ಮಸುಕು. ಫೋಕಸ್ ಬಿಂದುವನ್ನು ಆರಿಸುವ ಸೌಲಭ್ಯವಿದ್ದರೆ ನಡುವಿಗೂ ಮೂಲೆಗೂ ಮಧ್ಯದ ಒಂದು ಜಾಗವನ್ನು ಆರಿಸಿ.

ಇನ್ನು ಧೂಳು. 50 ಮೈಕ್ರಾನಿನ ಒಂದು ಕಣ ಬರಿಗಣ್ಣಿಗೆ ಕಂಡೂ ಕಾಣದಂತಿರುತ್ತದೆ. ಅಂಗುಲಕ್ಕೆ 2400 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಒಂದು ಬಿಂದುವಿನ ಪಾಲಿಗೆ ಸುಮಾರು 10.6 ಮೈಕ್ರಾನ್ ಬರುತ್ತದೆ. ಆಗ ಆ ಕಣ ಐದು ಬಿಂದುಗಳಗಲದ ಕಪ್ಪು ಚುಕ್ಕೆ. ಆದ್ದರಿಂದ ಸ್ಕ್ಯಾನಿಗೆ ಮುಂಚೆಯೇ ರಬ್ಬರಿನ ಊದುಬುರುಡೆಯಿಂದ ಫಿಲ್ಮಿನ ಎರಡೂ ಬದಿಗೆ ಗಾಳಿ ಊದಿ. ಉಳಿದದ್ದನ್ನು ಮೆದು ಕುಂಚದಿಂದ ಒಂದೇ ದಿಕ್ಕಿಗೆ ಸವರಿ. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ, ಉಜ್ಜಿದ್ದರಿಂದ ಹುಟ್ಟಿದ ವಿದ್ಯುದಾವೇಶ ಮತ್ತಷ್ಟು ಧೂಳನ್ನು ಎಳೆಯುತ್ತದೆ. ಬೇಸಗೆಯ ಒಣ ಹವೆಯಲ್ಲಿ ಈ ತೊಂದರೆ ಹೆಚ್ಚು.

ಅಷ್ಟಾದರೂ ಉಳಿದ ಚುಕ್ಕೆ ಫಿಲ್ಮಿನದೋ ಸ್ಕ್ಯಾನರಿನದೋ ತಿಳಿಯಲು ಸ್ಲೈಡನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಚಿತ್ರದೊಡನೆ ತಿರುಗಿದ ಚುಕ್ಕೆ ಸ್ಲೈಡಿನದು. ಇದ್ದಲ್ಲೇ ಉಳಿದದ್ದು ಸ್ಕ್ಯಾನರಿನ ಗಾಜಿನದು. ಚುಕ್ಕೆಯ ಬದಲು ಉದ್ದನೆಯ ನೇರ ಗೆರೆ ಬಂದರೆ, ಸ್ಕ್ಯಾನರು ತನ್ನ ಬೆಳಕನ್ನು ಅಳೆದುಕೊಳ್ಳುವ, ಗಾಜಿನ ತುದಿಯ ಪಟ್ಟಿಯಲ್ಲಿ ಕಸ ಕೂತಿರಬಹುದು. ಆ ಪಟ್ಟಿಯನ್ನು ಒರೆಸಿ.

ಕೆಲವು ಸ್ಕ್ಯಾನರುಗಳಲ್ಲಿ ಅವಕೆಂಪು ಕಿರಣದ ನೆರವೂ ಉಂಟು. ಬಣ್ಣದ ಫಿಲ್ಮಿನ ವರ್ಣದ್ರವ್ಯಗಳು ಅವಕೆಂಪು ಕಿರಣವನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತವೆ, ಧೂಳು ತಡೆಯುತ್ತದೆ. ಹೀಗೆ ಧೂಳಿನದೇ ಒಂದು ನಕ್ಷೆ ಸಿಕ್ಕಿ, ಆ ಜಾಗಗಳನ್ನಷ್ಟೇ ಸುತ್ತಲಿನ ಬಣ್ಣದಿಂದ ತುಂಬಬಹುದು. ವ್ಯೂಸ್ಕ್ಯಾನ್ ತಂತ್ರಾಂಶದಲ್ಲಿ ಇದರ ಹೆಸರು Infrared clean. ಅಲ್ಲಿ Light ಎಂಬುದರಿಂದ ಪ್ರಾರಂಭಿಸಿ. Heavy ಆರಿಸಿದರೆ ಎಲೆ, ಹುಲ್ಲಿನಂಥ ಸೂಕ್ಷ್ಮ ವಿವರ ಮಾಸಬಹುದು. ಬೆಳ್ಳಿಯಿಂದಾದ ಕಪ್ಪುಬಿಳುಪು ಫಿಲ್ಮಿಗೆ ಈ ಉಪಾಯ ನಡೆಯದು. ಅಲ್ಲಿ ಬೆಳ್ಳಿಯೇ ಕಿರಣವನ್ನು ತಡೆಯುವುದರಿಂದ ಚಿತ್ರವೇ ಧೂಳೆನಿಸುತ್ತದೆ. ಕೊಡಾಕ್ರೋಮ್ ಎಂದು ಬರೆದಿರುವ ಸ್ಲೈಡಿನಲ್ಲೂ ಇದನ್ನು ನೆಚ್ಚುವಂತಿಲ್ಲ. ಉಂಗುರಗಳನ್ನಂತೂ ಇದು ಅಳಿಸದು. ಗಾಳಿಯ ಪದರ ಧೂಳಿನ ಹಾಗೆ ಕಿರಣವನ್ನು ತಡೆಯುವುದಿಲ್ಲವಲ್ಲ.

ನಮ್ಮ ಸ್ಲೈಡಿನ ಎರಡನೆಯ ಸ್ಕ್ಯಾನಿನಲ್ಲಿ ಮೋಡ ಬರಿ ಬೂದಾಗಿ ಬಂತು. ಸುತ್ತುಗಳಿರಲಿಲ್ಲ. ಮೂಲೆಗಳು ತುಸು ಮಸುಕಾಗಿದ್ದವು, ಅಂಚಿನಲ್ಲಿ ಬೂಷ್ಟಿನ ಒಂದು ಕವಲೆಳೆ ಉಳಿದಿತ್ತು. ಅದನ್ನು ಮುಟ್ಟಲಿಲ್ಲ. ತುಂತುರಿನ ಕಾಮನಬಿಲ್ಲು ಇದ್ದಲ್ಲೇ ಇತ್ತು.

ನಿಮ್ಮ ಮನೆಯಲ್ಲಿ ಸ್ಲೈಡಿನ ಪೆಟ್ಟಿಗೆಯಿದ್ದರೆ ಮೊದಲು ಒಂದೊಂದನ್ನೂ ದೀಪಕ್ಕೆ ಓರೆಯಾಗಿ ಹಿಡಿದು, ಗಾಜಿನವನ್ನೂ ಗಾಜಿಲ್ಲದವನ್ನೂ ಬೇರೆ ಮಾಡಿ. ಗಾಜಿಲ್ಲದವನ್ನು ಧೂಳು ಊದಿ ನೇರವಾಗಿ ಸ್ಕ್ಯಾನಿಗೆ ಇಡಬಹುದು. ಗಾಜಿನವನ್ನು ಮಳೆಗಾಲ ಕಳೆಯುವವರೆಗೆ ತೆರೆಯಬೇಡಿ.