ಟಿಕ್ ಗುರುತು ಎಸ್ಸೆಮ್ಮೆಸ್ಸಿಗೆ ಬರುವುದಿಲ್ಲ

ನಮ್ಮ ಸಂಘ ಹೈದರಾಬಾದಿನ ಸದಸ್ಯರಿಗೆ ರಾಜ್ಯೋತ್ಸವದ ಆಹ್ವಾನವನ್ನು ಆರ್‌ಸಿಎಸ್‌ನಲ್ಲಿ ಕಳಿಸಿತು ಎಂದುಕೊಳ್ಳಿ. ನನ್ನ ಫೋನಿಗೆ ಅದು ರಿಚ್ ಕಾರ್ಡ್ ಆಗಿ ಬರುತ್ತದೆ: ಚಿತ್ರ, ಶೀರ್ಷಿಕೆ, ಕೆಳಗೆ ‘ಬರುತ್ತೇನೆ’, ‘ದಾರಿ ತೋರಿಸಿ’ ಎಂಬ ಬಟನ್‌ಗಳು. ಮೇಲೆ ಸಂಘದ ಹೆಸರು, ಲೋಗೋ, ಟಿಕ್ ಗುರುತು. ಕಳಿಸುವವರು ಯಾರೆಂದು ಪರಿಶೀಲಿಸಿದ ಮೇಲಷ್ಟೇ ಆ ಗುರುತು ಸಿಗುತ್ತದೆ.

ನಮ್ಮತ್ತೆಯವರದು ಕೀಪ್ಯಾಡ್ ಫೋನ್, ಅದರಲ್ಲಿ ಆರ್‌ಸಿಎಸ್ ಇಲ್ಲ. ಅವರಿಗೆ ಎಸ್ಸೆಮ್ಮೆಸ್ ಕಳಿಸಬೇಕು. ಇದೇ ಫಾಲ್‌ಬ್ಯಾಕ್. ಸ್ಮಾರ್ಟ್‌ಫೋನಿನಲ್ಲಿ ಡೇಟಾ ಆಫ್ ಆಗಿದ್ದರೆ ಸ್ವಲ್ಪ ಹೊತ್ತು ಕಾದು, ತಲುಪದ ಆರ್‌ಸಿಎಸ್ ಸಂದೇಶವನ್ನು ಹಿಂಪಡೆದು, ಆಮೇಲೆ ಎಸ್ಸೆಮ್ಮೆಸ್ ಕಳಿಸಬೇಕು. ಹಿಂಪಡೆಯದಿದ್ದರೆ ಡೇಟಾ ಆನ್ ಆದಾಗ ಅದೇ ಆಹ್ವಾನ ಎರಡನೇ ಸಲ ಬರುತ್ತದೆ.

ಎಸ್ಸೆಮ್ಮೆಸ್ಸಿನಲ್ಲಿ ಚಿತ್ರವಿಲ್ಲ, ಬಟನ್ ಇಲ್ಲ, ಟಿಕ್ಕೂ ಇಲ್ಲ. ಕನ್ನಡದಲ್ಲಿ ಬರೆದರೆ ಒಂದು ಎಸ್ಸೆಮ್ಮೆಸ್ಸಿಗೆ 70 ಸಂಕೇತಗಳಷ್ಟೇ ಜಾಗ. ಒತ್ತಕ್ಷರ, ಸ್ವರಚಿಹ್ನೆಗಳೂ ಲೆಕ್ಕಕ್ಕೆ ಸೇರುವುದರಿಂದ ‘ಕನ್ನಡ’ ಎಂಬ ಪದಕ್ಕೇ 5 ಬೇಕು. ಹಾಗಾಗಿ ದಿನಾಂಕ, ಸಮಯ, ಸ್ಥಳ ಮಾತ್ರ ಬರೆಯಿರಿ, ಲಿಂಕ್ ಬೇಡ. ಅದನ್ನು ನಂಬಲು ಅತ್ತೆಯವರ ಬಳಿ ಯಾವ ಗುರುತೂ ಇಲ್ಲ.

ಓದುವವರಿಗೂ ಒಂದು ಮಾತು. ಟಿಕ್ ಇಲ್ಲವೆಂದ ಮಾತ್ರಕ್ಕೆ ಸಂದೇಶ ಮೋಸದ್ದಲ್ಲ, ಅದು ಫಾಲ್‌ಬ್ಯಾಕ್ ಇರಬಹುದು. ಆದರೆ ಅದರಲ್ಲಿ ಲಿಂಕ್ ಇದ್ದರೆ ಒತ್ತಬೇಡಿ, ನಿಮಗೆ ಮೊದಲೇ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಕೇಳಿ.