ಹದಿನಾರರ ಕೌಂಟರ್ ಹನ್ನೆರಡಕ್ಕೆ ತಿರುಗುವ ಬಗೆ

ನಾಲ್ಕು ಬಿಟ್‌ನ ಸಿಂಕ್ರೊನಸ್ ಕೌಂಟರ್ ಚಿಪ್ ಸೊನ್ನೆಯಿಂದ 15ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಅದರ ಸುತ್ತಿನಲ್ಲಿ 16 ಸ್ಥಿತಿಗಳು. ಗಡಿಯಾರದ ಗಂಟೆಗೆ 12 ಸಾಕು. ಹೀಗೆ ಬೇಕಾದಷ್ಟೇ ಸ್ಥಿತಿಗಳಲ್ಲಿ, ಅಂದರೆ N ಸ್ಥಿತಿಗಳಲ್ಲಿ, ಸುತ್ತು ಮುಗಿಸುವುದು ಮಾಡ್-N ಕೌಂಟರ್. ಸಿದ್ಧ ಚಿಪ್ಪನ್ನು ಹಾಗೆ ಪಳಗಿಸಲು ಒಂದೇ ಒಂದು ನ್ಯಾಂಡ್ ಗೇಟ್ ಸಾಕಾಗುತ್ತದೆ.

ಚಿಪ್ಪಿನಿಂದ ಹೊರಬರುವ ನಾಲ್ಕು ತಂತಿಗಳನ್ನು ಅವುಗಳ ಬೆಲೆಯಿಂದಲೇ ಕರೆಯಬಹುದು: ಎಂಟರದು, ನಾಲ್ಕರದು, ಎರಡರದು, ಒಂದರದು. 74163 ಚಿಪ್ಪಿನಲ್ಲಿ 11 ಬಂದಾಗ ಎಂಟರ, ಎರಡರ ಮತ್ತು ಒಂದರ ತಂತಿಗಳು ಮೇಲಿರುತ್ತವೆ. ಈ ಮೂರನ್ನೂ ನ್ಯಾಂಡ್ ಗೇಟಿಗೆ ಕೊಟ್ಟು, ಅದರ ಹೊರತಂತಿಯನ್ನು ಕ್ಲಿಯರ್ ಪಿನ್ನಿಗೆ ಜೋಡಿಸಬೇಕು. ಮೂರೂ ಮೇಲಿದ್ದಾಗ ಮಾತ್ರ ಗೇಟ್ ಕೆಳಗಿಳಿಯುತ್ತದೆ. ಕ್ಲಿಯರ್‌ಗೂ ಬೇಕಾದದ್ದು ಆ ಇಳಿತವೇ. ಆದರೆ 74163 ತಕ್ಷಣ ಅಳಿಸುವುದಿಲ್ಲ, ಮುಂದಿನ ಕ್ಲಾಕ್ ಮಿಡಿತಕ್ಕೆ ಕಾಯುತ್ತದೆ. ಹಾಗಾಗಿ 11 ತನ್ನ ಪೂರ್ತಿ ಅವಧಿ ನಿಂತು, ಆಮೇಲೆ ಸೊನ್ನೆ ಬರುತ್ತದೆ. ನಾಲ್ಕರ ತಂತಿಯನ್ನು ನೋಡುವ ಅಗತ್ಯವೇ ಇಲ್ಲ: ಸೊನ್ನೆಯಿಂದ ಏರುವಾಗ ಆ ಮೂರೂ ಒಟ್ಟಿಗೆ ಮೇಲೇಳುವುದು ಮೊದಲ ಸಲ 11ರಲ್ಲೇ.

ಜೋಡಣೆ ತಪ್ಪುವುದು ಹೆಚ್ಚಾಗಿ ಇದರ ಅವಳಿಯಂತಿರುವ 74161 ಚಿಪ್ಪಿನಿಂದ. ಪಿನ್‌ಗಳೆಲ್ಲ ಅದೇ ಜಾಗದಲ್ಲಿವೆ, ಆದರೆ ಅದರ ಕ್ಲಿಯರ್ ಮಿಡಿತಕ್ಕೆ ಕಾಯದೆ ಕೂಡಲೇ ಅಳಿಸುತ್ತದೆ. ಮೇಲಿನ ಜೋಡಣೆಯಲ್ಲೇ ಅದನ್ನು ಕೂರಿಸಿದರೆ 11 ಕಾಣುವ ಮೊದಲೇ ಮಾಯವಾಗಿ, ಎಣಿಕೆ 10ಕ್ಕೇ ಮುಗಿಯುತ್ತದೆ. ಅದರಲ್ಲಿ ಹಿಡಿಯಬೇಕಾದದ್ದು 12ನ್ನು, ಅಂದರೆ ಎಂಟರ ಮತ್ತು ನಾಲ್ಕರ ತಂತಿಗಳನ್ನು. ಆಗಲೂ 12 ಕ್ಷಣದ ಅತಿ ಸಣ್ಣ ಪಾಲಿನಷ್ಟು ಹೊತ್ತು ಮೂಡಿ ಹೋಗುತ್ತದೆ. ದೀಪದಲ್ಲಿ ಅದು ಕಣ್ಣಿಗೆ ಬೀಳದು. ಆದರೆ ಆ ಮಿನುಗು ಇನ್ನೊಂದು ಕೌಂಟರಿನ ಕ್ಲಾಕ್‌ಗೆ ತಲುಪಿದರೆ ಅಲ್ಲಿ ಲೆಕ್ಕ ಕೆಡುತ್ತದೆ. ಎರಡರಲ್ಲಿ ಒಂದು ಬಿಟ್ ಮೊದಲು ಅಳಿದರೆ ಗೇಟ್ ಕ್ಲಿಯರನ್ನು ಅಷ್ಟಕ್ಕೇ ಬಿಟ್ಟುಬಿಡಬಹುದು. ಆಗ 11ರ ನಂತರ ಸೊನ್ನೆಯ ಬದಲು 4 ಅಥವಾ 8 ಬರುತ್ತದೆ. ಈ ದೋಷದ ಗುರುತು ಅದೇ.

ಗಡಿಯಾರದಲ್ಲಿ ಸೊನ್ನೆ ಗಂಟೆ ಇಲ್ಲ, 1ರಿಂದ 12. ಅದಕ್ಕೆ ಒಪ್ಪುವುದು ಲೋಡ್ ಪಿನ್. ಚಿಪ್ಪಿನ ನಾಲ್ಕು ಒಳತಂತಿಗಳಲ್ಲಿ ಒಂದರದನ್ನು ಮೇಲಕ್ಕೂ ಉಳಿದ ಮೂರನ್ನು ನೆಲಕ್ಕೂ ಕಟ್ಟಿದರೆ, ಲೋಡ್ ಇಳಿದಾಗ ತುಂಬುವ ಸಂಖ್ಯೆ 1. ಎಂಟರ ಮತ್ತು ನಾಲ್ಕರ ತಂತಿಗಳ ನ್ಯಾಂಡ್ ಗೇಟನ್ನು ಈಗ ಲೋಡ್‌ಗೆ ಜೋಡಿಸಿ, ಕ್ಲಿಯರನ್ನೂ ಎರಡು ಎನೇಬಲ್ ಪಿನ್‌ಗಳನ್ನೂ ಮೇಲಕ್ಕೆ ಕಟ್ಟಬೇಕು. ಲೋಡ್ ಎರಡೂ ಚಿಪ್‌ಗಳಲ್ಲಿ ಮಿಡಿತಕ್ಕೆ ಕಾಯುವುದರಿಂದ 12 ಪೂರ್ತಿ ಒಂದು ಗಂಟೆ ನಿಂತು, ಬಳಿಕ 1 ಬರುತ್ತದೆ. ನಡುವೆ ಮಿನುಗು ಇಲ್ಲ. ವಿದ್ಯುತ್ ಬಂದಾಗ ಚಿಪ್ ಅಕಸ್ಮಾತ್ 13, 14 ಅಥವಾ 15ರಲ್ಲಿ ಎಚ್ಚೆತ್ತರೂ ಆ ಎರಡು ತಂತಿಗಳು ಮೇಲೇ ಇರುತ್ತವೆ, ಮುಂದಿನ ಮಿಡಿತಕ್ಕೆ 1ಕ್ಕೆ ಬಂದುಬಿಡುತ್ತದೆ. ಸೊನ್ನೆಯಲ್ಲಿ ಎಚ್ಚೆತ್ತರೆ ಆ ಒಂದು ಸಲ ಮಾತ್ರ ಸೊನ್ನೆ ಕಂಡು, ಮತ್ತೆಂದೂ ಕಾಣುವುದಿಲ್ಲ.