ಪಟ್ಟಿ ಮುಚ್ಚಿಡಿ, ಪೆನ್ನು ತೆಗೆಯಿರಿ

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವ ಗೆಳೆಯರೇ, ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪುಸ್ತಕದ ಮೊದಲ ಅಧ್ಯಾಯದ ಜೊತೆಗೇ ನಿಮ್ಮ ಕೈಗೆ ಒಂದು ಪಟ್ಟಿಯೂ ಬಂದಿರುತ್ತದೆ. ಆವರ್ತಕವಾದರೆ ಪವರ್ ಸಿಗ್ನಲ್, ಕ್ಷೀಣಿಸುತ್ತಾ ಹೋದರೆ ಎನರ್ಜಿ ಸಿಗ್ನಲ್, ಕೊಸೈನ್ ಸಮ, ಸೈನ್ ಬೆಸ. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಉರು ಹೊಡೆಯುವವರು ಬಹಳ ಮಂದಿ. ಆ ಪಟ್ಟಿಯನ್ನು ಮುಚ್ಚಿಡಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಅದರ ಒಂದೊಂದು ಸಾಲೂ ಎಲ್ಲೋ ಒಂದು ಕಡೆ ಕೈಕೊಡುತ್ತದೆ. ಎಲ್ಲಿ ಕೈಕೊಡುತ್ತದೆ ಎಂಬುದನ್ನು ನೀವೇ ಲೆಕ್ಕ ಮಾಡಿ ಕಂಡುಕೊಳ್ಳಬಹುದು. ಬೇಕಾದುದು ಪಿಯುಸಿಯಲ್ಲಿ ಕಲಿತ ಇಂಟಿಗ್ರೇಷನ್ ಅಷ್ಟೇ.

ನಿಮ್ಮ ಕೋಣೆಯ ಗೋಡೆಯ ಸಾಕೆಟ್‌ನಿಂದಲೇ ಶುರು ಮಾಡಿ. ಅಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ಅದರ ಶಿಖರ ಸುಮಾರು 325 ವೋಲ್ಟ್. ಹಾಗಾಗಿ ಸಿಗ್ನಲ್ ಅನ್ನು ಹೀಗೆ ಬರೆಯಬಹುದು:

x(t) = 325 cos(100πt)

ಆವರ್ತಕವೇ? 100π ರಿಂದ 2π ಅನ್ನು ಭಾಗಿಸಿದರೆ 1/50 ಸೆಕೆಂಡ್. ಅಂದರೆ ಪ್ರತಿ 20 ಮಿಲಿಸೆಕೆಂಡಿಗೆ ಅದೇ ಅಲೆ ಮರಳುತ್ತದೆ. ಎನರ್ಜಿ ಎಷ್ಟು? x² ನ ಸರಾಸರಿ 325²/2, ಅಂದರೆ ಸುಮಾರು 52,800. ಪ್ರತಿ ಸೆಕೆಂಡೂ ಇಷ್ಟು ಸೇರುತ್ತಾ ಹೋದರೆ ಅನಂತ ಕಾಲದಲ್ಲಿ ಒಟ್ಟು ಎನರ್ಜಿ ಅನಂತ. ಆದರೆ ಸರಾಸರಿ 52,800 ರಲ್ಲೇ ನಿಂತಿದೆ, ಸೊನ್ನೆಯೂ ಅಲ್ಲ, ಅನಂತವೂ ಅಲ್ಲ. ಆದ್ದರಿಂದ ಇದು ಪವರ್ ಸಿಗ್ನಲ್. ಈಗ 52,800 ರ ವರ್ಗಮೂಲ ತೆಗೆಯಿರಿ: ಸುಮಾರು 230! ಮನೆಯ ಉಪಕರಣಗಳ ಮೇಲೆಲ್ಲ ಅಚ್ಚಾಗಿರುವ ಸಂಖ್ಯೆ ನಿಮ್ಮ ಪವರ್ ಲೆಕ್ಕದ ಒಳಗಿನಿಂದಲೇ ಎದ್ದು ಬಂತು.

ಇನ್ನು ಸಮ, ಬೆಸ. t ಜಾಗದಲ್ಲಿ −t ಹಾಕಿದರೆ ಕೊಸೈನ್ ಬದಲಾಗುವುದಿಲ್ಲ, ಆದ್ದರಿಂದ ಸಮ. ಆದರೆ ಅವಸರ ಬೇಡ. t = 0 ಎಂಬ ಗುರುತನ್ನು ಶಿಖರದ ಮೇಲೆ ಇಟ್ಟವರು ನಾವು. ಅದನ್ನು 5 ಮಿಲಿಸೆಕೆಂಡ್ ಸರಿಸಿದರೆ ಅದೇ ಅಲೆ ಸೈನ್ ಆಗಿ ಬೆಸವಾಗುತ್ತದೆ. 2 ಮಿಲಿಸೆಕೆಂಡ್ ಸರಿಸಿದರೆ ಸಮವೂ ಅಲ್ಲ, ಬೆಸವೂ ಅಲ್ಲ. ಪವರ್ ಮತ್ತು ಅವಧಿ ಮಾತ್ರ ಎಷ್ಟು ಸರಿಸಿದರೂ ಕದಲುವುದಿಲ್ಲ. ಮೂರೂ ಪ್ರಶ್ನೆಗಳು ಒಂದೇ ಜಾತಿಯವಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ: ಎರಡು ಸಿಗ್ನಲ್‌ನ ಗುಣ ಹೇಳುತ್ತವೆ, ಒಂದು ನೀವು ಗಡಿಯಾರವನ್ನು ಎಲ್ಲಿಂದ ಎಣಿಸಿದಿರಿ ಎಂಬುದನ್ನೂ ಸೇರಿಸಿ ಹೇಳುತ್ತದೆ.

ಈಗ ಇನ್ನೊಂದು ಸಿಗ್ನಲ್. ಚಾರ್ಜ್ ಆದ ಕೆಪಾಸಿಟರ್ ರೆಸಿಸ್ಟರ್ ಮೂಲಕ ಖಾಲಿಯಾಗುವಾಗ ಕಾಣುವ ರೂಪ ಇದು:

x(t) = e^(−2t) u(t)

ವರ್ಗ ಮಾಡಿದರೆ e^(−4t). 0 ಯಿಂದ ಅನಂತದವರೆಗೆ ಇಂಟಿಗ್ರೇಟ್ ಮಾಡಿದರೆ 1/4. ಸೀಮಿತ ಎನರ್ಜಿ, ಆದ್ದರಿಂದ ಎನರ್ಜಿ ಸಿಗ್ನಲ್. ಆ 1/4 ಅನ್ನು ಬೆಳೆಯುತ್ತಲೇ ಇರುವ 2T ಯಿಂದ ಭಾಗಿಸಿದರೆ ಪವರ್ ಸೊನ್ನೆಗೆ ಇಳಿಯುತ್ತದೆ. ಇದು ಸಮವೂ ಅಲ್ಲ, ಬೆಸವೂ ಅಲ್ಲ. ಆದರೂ ಇಲ್ಲಿಗೇ ಪೆನ್ನು ಇಡಬೇಡಿ, ಏಕೆಂದರೆ ಯಾವ ಸಿಗ್ನಲ್ ಅನ್ನಾದರೂ ಒಂದು ಸಮ ಭಾಗ ಮತ್ತು ಒಂದು ಬೆಸ ಭಾಗವಾಗಿ ಒಡೆಯಬಹುದು. x(t) ಗೆ x(−t) ಕೂಡಿಸಿ ಅರ್ಧ ಮಾಡಿದರೆ ಸಮ ಭಾಗ, ಕಳೆದು ಅರ್ಧ ಮಾಡಿದರೆ ಬೆಸ ಭಾಗ.

ಇಲ್ಲಿ ಸಮ ಭಾಗ ½ e^(−2|t|). ಅದರ ಎನರ್ಜಿ 1/8. ಬೆಸ ಭಾಗ ಬಲಗಡೆ ½ e^(−2t), ಎಡಗಡೆ −½ e^(2t). ಅದರ ಎನರ್ಜಿಯೂ 1/8. ಎರಡೂ ಸೇರಿ 1/4, ಲೆಕ್ಕ ತಾಳೆಯಾಯಿತು. ನೈಜ ಬೆಲೆಯ ಯಾವ ಎನರ್ಜಿ ಸಿಗ್ನಲ್ ತೆಗೆದುಕೊಂಡರೂ ಈ ತಾಳೆ ಬಂದೇ ಬರುತ್ತದೆ: ಸಮವನ್ನು ಬೆಸದಿಂದ ಗುಣಿಸಿದರೆ ಬೆಸ, ಬೆಸದ ಇಂಟಿಗ್ರಲ್ ಎರಡೂ ಕಡೆ ರದ್ದಾಗಿ ಸೊನ್ನೆ. ಬಾರದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದೇ ಅರ್ಥ, ಉತ್ತರ ಪುಟ ತಿರುಗಿಸುವ ಅಗತ್ಯವಿಲ್ಲ. ಆದರೆ ಎರಡು ಭಾಗಗಳೂ ಸರಿಸಮ ಪಾಲು ಪಡೆದದ್ದು ಎಲ್ಲ ಕಡೆ ನಡೆಯುವುದಿಲ್ಲ. ಇವೆರಡರ ಎನರ್ಜಿಗಳ ವ್ಯತ್ಯಾಸ x(t)·x(−t) ಎಂಬ ಗುಣಲಬ್ಧದ ಇಂಟಿಗ್ರಲ್. ನಮ್ಮ ಸಿಗ್ನಲ್ ಸೊನ್ನೆಯ ಬಲಗಡೆ ಮಾತ್ರ ಇರುವುದರಿಂದ ಆ ಗುಣಲಬ್ಧ ಸೊನ್ನೆ, ಅದಕ್ಕೇ ಸಮಪಾಲು.

ಕ್ಷೀಣಿಸಿದರೆ ಎನರ್ಜಿ ಸಿಗ್ನಲ್ ಎಂಬ ಸಾಲನ್ನು ಈಗ ಪರೀಕ್ಷಿಸೋಣ. t ≥ 1 ಆದಾಗ x(t) = 1/√t, ಉಳಿದೆಡೆ ಸೊನ್ನೆ ಎಂದಿಟ್ಟುಕೊಳ್ಳಿ. ಇದೂ ಕ್ಷೀಣಿಸುತ್ತಲೇ ಇದೆ. ವರ್ಗ 1/t, ಆದ್ದರಿಂದ T ವರೆಗಿನ ಎನರ್ಜಿ ln T. T ಸಾವಿರವಾದಾಗ ಅದು 6.9, ಹತ್ತು ಲಕ್ಷವಾದಾಗ 13.8. ಎಷ್ಟು ನಿಧಾನವಾದರೂ ಅದರ ಏರಿಕೆಗೆ ಕೊನೆಯಿಲ್ಲ, ಆದ್ದರಿಂದ ಎನರ್ಜಿ ಅನಂತ. ಹಾಗಾದರೆ ಪವರ್ ಸಿಗ್ನಲ್ ಇರಬೇಕೇ? ಸರಾಸರಿ ln T / 2T, ಅದು ಸೊನ್ನೆಗೆ ಹೋಗುತ್ತದೆ. ಎರಡೂ ಅಲ್ಲ! ಕ್ಷೀಣಿಸಿದರೆ ಸಾಲದು, ಸಾಕಷ್ಟು ಬೇಗ ಕ್ಷೀಣಿಸಬೇಕು. ಎಷ್ಟು ಬೇಗ ಎಂಬುದನ್ನು ಚಿತ್ರ ಹೇಳುವುದಿಲ್ಲ, ಇಂಟಿಗ್ರಲ್ ಹೇಳುತ್ತದೆ.

ಆವರ್ತಕದ ಸಾಲಿನಲ್ಲಿ ಹೆಚ್ಚು ಜನ ಬೀಳುವುದು ಅದನ್ನು ತಿರುಗಿಸಿ ಓದಿದಾಗ: ಪವರ್ ಸಿಗ್ನಲ್ ಆದ್ದರಿಂದ ಆವರ್ತಕ ಎಂದುಬಿಡುತ್ತಾರೆ. cos(2t) + cos(3t) ನೋಡಿ. ಅವಧಿಗಳು π ಮತ್ತು 2π/3, ಅನುಪಾತ 3/2. ಮೊದಲನೆಯದು ಎರಡು ಸುತ್ತು, ಎರಡನೆಯದು ಮೂರು ಸುತ್ತು ಮುಗಿಸಿದಾಗ ಇಬ್ಬರೂ 2π ನಲ್ಲಿ ಕೂಡುತ್ತಾರೆ, ಆವರ್ತಕ. ಈಗ 3 ನ್ನು ಅಳಿಸಿ π ಬರೆಯಿರಿ: cos(2t) + cos(πt). ಅವಧಿಗಳು π ಮತ್ತು 2. ಅನುಪಾತ π/2 ಅಭಾಗಲಬ್ಧ, ಆದ್ದರಿಂದ ಯಾವ ಪೂರ್ಣ ಸುತ್ತುಗಳ ಕೊನೆಯಲ್ಲೂ ಅವು ಒಟ್ಟಿಗೆ ಸೇರುವುದಿಲ್ಲ. ಆವರ್ತಕವಲ್ಲ. ಆದರೂ ಅದರ ಪವರ್ ½ + ½ = 1, ಅಚ್ಚುಕಟ್ಟಾದ ಪವರ್ ಸಿಗ್ನಲ್. ಆಸಿಲೋಸ್ಕೋಪಿನ ಪರದೆಯ ಮೇಲೆ ಈ ಎರಡನ್ನೂ ಕಣ್ಣಳತೆಯಿಂದ ಬೇರ್ಪಡಿಸುವುದು ಕಷ್ಟ. ಲೆಕ್ಕ ಒಂದೇ ಸಾಲಿನಲ್ಲಿ ಬೇರ್ಪಡಿಸುತ್ತದೆ.

ಕಾಲವನ್ನು ಪೂರ್ಣಾಂಕಗಳಿಗೆ ಕಟ್ಟಿದಾಗ ಇನ್ನೊಂದು ಬಲೆ ಕಾದಿದೆ. cos(0.3πt) ಯ ಅವಧಿ 20/3. ಆದರೆ cos(0.3πn) ನಲ್ಲಿ n ಪೂರ್ಣಾಂಕ ಮಾತ್ರ, 6.67 ನೇ ಮಾದರಿ ಎಂಬುದೇ ಇಲ್ಲ. ಮೂರು ಸುತ್ತು ಕಾಯಬೇಕು, ಆಗ ಅವಧಿ 20 ಮಾದರಿಗಳು. cos(n) ಗೆ ಬಂದರೆ, ಅದು N ಮಾದರಿಗಳ ನಂತರ ಮರಳಬೇಕಾದರೆ N = 2πk ಆಗಬೇಕು. π ಅಭಾಗಲಬ್ಧವಾದ್ದರಿಂದ ಅಂಥ ಪೂರ್ಣಾಂಕ N ಸಿಗುವುದೇ ಇಲ್ಲ. cos(t) ಆವರ್ತಕ, cos(n) ಅಲ್ಲ. ಇದನ್ನು ನಂಬಬೇಡಿ, ಮೊದಲ ಐವತ್ತು ಬೆಲೆಗಳನ್ನು ಕ್ಯಾಲ್ಕುಲೇಟರಿನಲ್ಲಿ ಬರೆದು ನೋಡಿ. ರೇಡಿಯನ್ ಮೋಡ್ ಇದೆಯೇ ಎಂದು ಮೊದಲು ನೋಡಿಕೊಳ್ಳಿ. 44 ನೇ ಮಾದರಿ ಬಹುತೇಕ 1 ಕ್ಕೆ ಮರಳಿ ನಿಮ್ಮನ್ನು ಮೋಸಗೊಳಿಸಲು ನೋಡುತ್ತದೆ: 0.99984. ಆ ಕೊರತೆಯೇ ಉತ್ತರ.

ಇಂದು ರಾತ್ರಿ ಒಂದು ಕೆಲಸ ಮಾಡಿ. ಮೇಲಿನ e^(−2t) u(t) ಯಿಂದ u(t) ಯನ್ನು ಅಳಿಸಿ. ಈಗ ಎಡಗಡೆಯ ಬಾಲ ಎಲ್ಲಿಗೆ ಹೋಗುತ್ತದೆ? −T ಯಿಂದ T ವರೆಗೆ ಎನರ್ಜಿ ಬರೆಯಿರಿ, 2T ಯಿಂದ ಭಾಗಿಸಿ, T ಯನ್ನು ದೊಡ್ಡದು ಮಾಡಿ. 1/√t ನಂತೆ ಇದೂ ಎರಡು ಗುಂಪಿಗೂ ಸೇರದೆ ಹೊರಗೆ ನಿಲ್ಲುತ್ತದೆ, ಆದರೆ ಕಾರಣ ಬೇರೆ. ಆ ಕಾರಣವನ್ನು ನಿಮ್ಮ ಕೈಬರಹದಲ್ಲೇ ಎರಡು ಸಾಲಿನಲ್ಲಿ ಬರೆದಿಡಿ.